ಬಜೆಟ್ ಹಾಳೆಯ ನಾಲ್ಕು ಅಂಕಣ, ನಾಲ್ವರ ಒಂದು ಮನೆ

ಬಜೆಟ್ ಮಂಡನೆಯಾದ ಸಂಜೆ ಎಲ್ಲರ ಫೋನಿಗೂ ಬರುವ ಚಿತ್ರ ಒಂದೇ. ಒಂದು ರೂಪಾಯಿ ನಾಣ್ಯವನ್ನು ಹೋಳು ಮಾಡಿ, ಯಾವುದಕ್ಕೆ ಎಷ್ಟು ಪೈಸೆ ಅಂತ ಬರೆದಿರುತ್ತಾರೆ. 2025ರ ಫೆಬ್ರವರಿ 1ರಂದು ಮಂಡನೆಯಾದ 2025-26ರ ಕೇಂದ್ರ ಬಜೆಟ್ಟಿನ ಚಿತ್ರದಲ್ಲಿ ಬಡ್ಡಿಗೆ 20 ಪೈಸೆ, ರಾಜ್ಯಗಳ ತೆರಿಗೆ ಪಾಲಿಗೆ 22 ಪೈಸೆ ಎಂದಿತ್ತು. ಇದನ್ನು ನೋಡಿ "ಕೇಂದ್ರದ ಖರ್ಚಿನಲ್ಲಿ ಐದರಲ್ಲಿ ಒಂದು ಪಾಲು ಬಡ್ಡಿಗೆ ಹೋಗುತ್ತೆ" ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದೇ ಕಾಗದದಲ್ಲಿ ಒಟ್ಟು ಖರ್ಚು 50,65,345 ಕೋಟಿ, ಬಡ್ಡಿ 12,76,338 ಕೋಟಿ. ಭಾಗಿಸಿ ನೋಡಿ, ನೂರು ರೂಪಾಯಿಗೆ 25 ರೂಪಾಯಿ ದಾಟುತ್ತದೆ. ವ್ಯತ್ಯಾಸ ಬರುವುದು ರಾಜ್ಯಗಳ ಪಾಲಿನಿಂದ. ಸುಮಾರು 14.2 ಲಕ್ಷ ಕೋಟಿಯ ಆ ಪಾಲು ನಾಣ್ಯದ ಚಿತ್ರದಲ್ಲಿ ಸೇರಿದೆ, ಒಟ್ಟು ಖರ್ಚಿನ ಅಂಕಿಯಲ್ಲಿ ಸೇರಿಲ್ಲ. ಯಾರೂ ಸುಳ್ಳು ಹೇಳಿಲ್ಲ. ಯಾವುದರಲ್ಲಿ ಎಷ್ಟು ಅನ್ನುವ "ಯಾವುದರಲ್ಲಿ" ಮಾತ್ರ ಬೇರೆಬೇರೆ.

ಹಾಗಾಗಿ ಆ ಚಿತ್ರವನ್ನು ಬಿಟ್ಟುಬಿಡಿ. ಮನೆಗೆ ಉಪಯೋಗಕ್ಕೆ ಬರುವ ಹಾಳೆ ಬೇರೆ ಇದೆ. indiabudget.gov.in ತೆರೆದು Budget at a Glance ಎಂಬ ಪುಸ್ತಿಕೆಯಲ್ಲಿ ಮುಖ್ಯ ಯೋಜನೆಗಳ ಪಟ್ಟಿ ಹುಡುಕಿ. ಪ್ರತಿ ಯೋಜನೆಯ ಮುಂದೆ ನಾಲ್ಕು ಅಂಕಣ ಇರುತ್ತವೆ: ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದದ್ದು, ಹೋದ ವರ್ಷ ಹೇಳಿದ ಬಜೆಟ್ ಅಂದಾಜು, ಅದನ್ನೇ ವರ್ಷದ ಕೊನೆಗೆ ತಿದ್ದಿದ ಪರಿಷ್ಕೃತ ಅಂದಾಜು, ಈ ವರ್ಷದ ಹೊಸ ಬಜೆಟ್ ಅಂದಾಜು. ಟಿವಿಯಲ್ಲಿ ಓದುವುದು ನಾಲ್ಕನೆಯದನ್ನು ಮಾತ್ರ. ನನ್ನ ಮಟ್ಟಿಗೆ ಅತಿ ಹೆಚ್ಚು ವಿಷಯ ಹೇಳುವುದು ಮೂರನೆಯದು, ಯಾಕೆಂದರೆ ಮಾತು ಕೊಟ್ಟವರು ಹತ್ತು ತಿಂಗಳಲ್ಲಿ ಎಷ್ಟು ನಡೆಸಿದರು ಅನ್ನುವುದು ಅಲ್ಲಿ ಸಿಗುತ್ತದೆ.

ಒಂದು ಮನೆಯನ್ನು ಇಟ್ಟುಕೊಂಡು ನೋಡೋಣ. ಹಳ್ಳಿಯಲ್ಲಿ ಒಂದೂವರೆ ಎಕರೆ ಜಮೀನು. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು, 67 ವರ್ಷದ ಅತ್ತೆ. ಆದ್ಯತಾ ಕುಟುಂಬದ ರೇಷನ್ ಕಾರ್ಡ್ ಇದೆ, ಪಿಎಂ ಕಿಸಾನ್ ಬರುತ್ತದೆ, ಅತ್ತೆಗೆ ವೃದ್ಧಾಪ್ಯ ವೇತನ ಬರುತ್ತದೆ. ಮನೆಗೆ ನಲ್ಲಿ ಇನ್ನೂ ಬಂದಿಲ್ಲ. ಈ ಮನೆಗೆ ನಾಲ್ಕು ಸಾಲು ಸಾಕು.

ಮೊದಲು ರೇಷನ್. ಆಹಾರ ಸಬ್ಸಿಡಿಗೆ 2024-25ರಲ್ಲಿ 2,05,250 ಕೋಟಿ ಇಟ್ಟಿದ್ದರು, 2025-26ಕ್ಕೆ 2,03,420 ಕೋಟಿ. ಕಡಿಮೆಯಾಯಿತಲ್ಲ, ಅಕ್ಕಿ ಕಡಿಮೆಯಾಗುತ್ತಾ? ಆಗುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಹಕ್ಕು. ಈ ಮನೆಯ ನಾಲ್ವರಿಗೆ 20 ಕೆಜಿ ಕೊಡಲೇಬೇಕು, ಬಜೆಟ್ ಸಾಲಿನಲ್ಲಿ ಎಷ್ಟೇ ಬರೆದಿರಲಿ. 2024ರ ಜನವರಿಯಿಂದ ಐದು ವರ್ಷ ಅದನ್ನು ಉಚಿತವಾಗಿ ಕೊಡುವುದೆಂದು ತೀರ್ಮಾನವಾಗಿದೆ. ಸಬ್ಸಿಡಿ ಎಂದರೆ ಧಾನ್ಯ ಕೊಂಡು, ದಾಸ್ತಾನು ಮಾಡಿ, ಸಾಗಿಸಲು ತಗಲುವ ವೆಚ್ಚವನ್ನು ಸರ್ಕಾರ ತುಂಬಿಕೊಡುವುದು. ಆ ವೆಚ್ಚ ಏರಿಳಿದರೆ ಅಂಕಿ ಏರಿಳಿಯುತ್ತದೆ.

ಅಂಕಿ ದಿಢೀರ್ ಏರಿದರೂ ಚೀಲಕ್ಕೆ ಅಷ್ಟೇ ಹೆಚ್ಚು ಅಕ್ಕಿ ಬಿತ್ತು ಅಂತ ತಿಳಿಯಬಾರದು. 2020-21ರಲ್ಲಿ ಈ ಸಾಲು ಸುಮಾರು 1.15 ಲಕ್ಷ ಕೋಟಿಯಿಂದ ಪರಿಷ್ಕೃತ ಅಂದಾಜಿನಲ್ಲಿ 4.22 ಲಕ್ಷ ಕೋಟಿಗೆ ಹೋಯಿತು. ಕೋವಿಡ್ ಕಾಲದ ಹೆಚ್ಚುವರಿ ಧಾನ್ಯ ಅದರಲ್ಲಿ ಇತ್ತು, ನಿಜ. ಆದರೆ ದೊಡ್ಡ ಪಾಲು ಹಳೇ ಬಾಕಿಯದು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಸಬ್ಸಿಡಿಯನ್ನು ಪೂರ್ತಿ ಕೊಡದೆ, ಭಾರತೀಯ ಆಹಾರ ನಿಗಮಕ್ಕೆ ಸಣ್ಣ ಉಳಿತಾಯ ನಿಧಿಯಿಂದ ಸಾಲ ಕೊಡಿಸಿದ್ದರು. ಆ ಸಾಲ ತೀರಿಸಿದ್ದು ಆ ವರ್ಷ ಈ ಸಾಲಿನಲ್ಲಿ ಕಾಣಿಸಿಕೊಂಡಿತು.

ಎರಡನೆಯದು ಪಿಎಂ ಕಿಸಾನ್. 2024-25ಕ್ಕೆ 60,000 ಕೋಟಿ ಇದ್ದದ್ದು ಪರಿಷ್ಕೃತದಲ್ಲಿ 63,500 ಕೋಟಿಯಾಯಿತು, 2025-26ಕ್ಕೂ 63,500 ಕೋಟಿ. "ಕಿಸಾನ್ ಹಣ ಹೆಚ್ಚಾಯಿತು" ಎಂಬ ಮಾತು ಹುಟ್ಟುವುದು ಇಂಥ ಕಡೆ. ಪರೀಕ್ಷೆ ಮಾಡುವುದು ಸುಲಭ. ಹಂಚಿಕೆಯನ್ನು ಒಬ್ಬರಿಗೆ ಸಿಗುವ ದರದಿಂದ ಭಾಗಿಸಿ. 63,500 ಕೋಟಿಯನ್ನು 6,000ದಿಂದ ಭಾಗಿಸಿದರೆ ಹತ್ತೂವರೆ ಕೋಟಿ ಕುಟುಂಬ ಬರುತ್ತದೆ. 2025ರ ಫೆಬ್ರವರಿಯ ಕಂತು ಹೋದದ್ದು ಸುಮಾರು 9.8 ಕೋಟಿ ರೈತರಿಗೆ. ಅಂದರೆ ಈ ಹಣದಲ್ಲಿ ಇನ್ನಷ್ಟು ಜನರನ್ನು ಸೇರಿಸಿಕೊಳ್ಳಲು ಜಾಗ ಇದೆ, ದರ ಏರಿಸಲು ಇಲ್ಲ. ಈ ಮನೆಗೆ ಯೋಜನೆ ಶುರುವಾದಾಗ ಬಂದದ್ದು ವರ್ಷಕ್ಕೆ 2,000ದ ಮೂರು ಕಂತು, ಈಗಲೂ ಅದೇ ಮೂರು ಕಂತು.

ಮೂರನೆಯದು ಅತ್ತೆಯ ಪಿಂಚಣಿ, ನನಗೆ ಅತ್ಯಂತ ಬೇಸರ ತರಿಸುವ ಸಾಲು ಇದು. ವೃದ್ಧರು, ವಿಧವೆಯರು, ಅಂಗವಿಕಲರ ಕೇಂದ್ರ ಪಿಂಚಣಿಗಳೆಲ್ಲ ಬರುವ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ 2024-25ರಲ್ಲಿ 9,652 ಕೋಟಿ, 2025-26ರಲ್ಲೂ 9,652 ಕೋಟಿ. 2022-23ರಲ್ಲೂ ಅದೇ ಇತ್ತು. ವರ್ಷದಿಂದ ವರ್ಷಕ್ಕೆ ಅಂಕಿ ಅಲುಗದಿದ್ದರೆ ಅರ್ಥ ಇಷ್ಟೇ: ದರವನ್ನೂ ಮುಟ್ಟಿಲ್ಲ, ಫಲಾನುಭವಿಗಳ ಮಿತಿಯನ್ನೂ ಮುಟ್ಟಿಲ್ಲ. ದೇಶಕ್ಕೆಲ್ಲ ಸೇರಿ ಮಿತಿ 3.09 ಕೋಟಿ ಜನ, ಅದೂ 2001ರ ಜನಗಣತಿ ಮತ್ತು ಹಳೆಯ ಬಡತನ ಅಂದಾಜಿನ ಮೇಲೆ ಕಟ್ಟಿದ ಮಿತಿ. ಭಾಗಿಸಿದರೆ ತಲೆಗೆ ತಿಂಗಳಿಗೆ ಸುಮಾರು 260 ರೂಪಾಯಿ. 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು 200, 80 ದಾಟಿದವರಿಗೆ 500, ವಿಧವೆಯರಿಗೆ 300 ಇರುವುದರಿಂದ ಸರಾಸರಿ ಅಲ್ಲಿಗೆ ಬರುತ್ತದೆ, ಲೆಕ್ಕ ತಾಳೆಯಾಗುತ್ತದೆ.

ಅಲುಗದ ಅಂಕಿ ಅಂದರೆ ನಿಜದಲ್ಲಿ ಇಳಿಯುತ್ತಿರುವ ಅಂಕಿ. ನಮ್ಮ ಗ್ರಾಹಕ ಬೆಲೆ ಸೂಚ್ಯಂಕ 2012ರಲ್ಲಿ 100 ಇದ್ದದ್ದು 2025ರ ಆರಂಭಕ್ಕೆ 190 ದಾಟಿತ್ತು. 200 ರೂಪಾಯಿಯನ್ನು 1.9ರಿಂದ ಭಾಗಿಸಿ: 2012ರ ಲೆಕ್ಕದಲ್ಲಿ ಅತ್ತೆಯ ಕೈಗೆ ಈಗ ಬರುವುದು ನೂರೈದು ರೂಪಾಯಿಯಷ್ಟು. ಆಕೆಗೆ ಪೋಸ್ಟ್ ಆಫೀಸಿನಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತಿದ್ದರೆ ಆ ಹೆಚ್ಚಿನದೆಲ್ಲ ರಾಜ್ಯ ಬಜೆಟ್ಟಿನದು. ಹಾಗಾಗಿ ಪಿಂಚಣಿ ಏರಿತೇ ಅಂತ ನೋಡಬೇಕಾದದ್ದು ರಾಜ್ಯದ ಆಯವ್ಯಯದಲ್ಲಿ.

ನಾಲ್ಕನೆಯದು ನಲ್ಲಿ. ಹಂಚಿಕೆಯ ಅಂಕಿ ಮನೆಯ ಬಾಗಿಲನ್ನು ನೇರವಾಗಿ ತಟ್ಟುವುದು ಇಲ್ಲಿ. ಅಕ್ಕಿ ಹಕ್ಕು, ಕಿಸಾನ್ ಮತ್ತು ಪಿಂಚಣಿ ನಿಗದಿತ ದರ. ಪೈಪು ಮಾತ್ರ ಹಣ ಇದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಜಲಜೀವನ್ ಮಿಷನ್, ನಮ್ಮಲ್ಲಿ "ಮನೆ ಮನೆಗೆ ಗಂಗೆ" ಅನ್ನುವ ಯೋಜನೆಯ ಸಾಲು ಹೀಗಿತ್ತು: 2023-24ರಲ್ಲಿ ಖರ್ಚು ಸುಮಾರು 70 ಸಾವಿರ ಕೋಟಿ. 2024-25ರ ಬಜೆಟ್ ಅಂದಾಜು 70,163 ಕೋಟಿ. ಪರಿಷ್ಕೃತ 22,694 ಕೋಟಿ. 2025-26ಕ್ಕೆ 67,000 ಕೋಟಿ.

ನಾಲ್ಕನೆಯ ಅಂಕಣವನ್ನು ಮೂರನೆಯದಕ್ಕೆ ಹೋಲಿಸಿದವರು "ಸುಮಾರು ಮೂರು ಪಟ್ಟು ಏರಿಕೆ" ಅಂತ ಬರೆದರೂ ಲೆಕ್ಕ ಸರಿ. ಎರಡನೆಯದಕ್ಕೆ ಹೋಲಿಸಿದವರು "ನಾಲ್ಕೂವರೆ ಶೇಕಡಾ ಕಡಿತ" ಅಂದರೂ ಸರಿ. ಈ ಮನೆಗೆ ಬೇಕಾದ ಸುದ್ದಿ ಎರಡರಲ್ಲೂ ಇಲ್ಲ. 70 ಸಾವಿರ ಕೋಟಿ ಅಂತ ಹೇಳಿದ ವರ್ಷ ಅದರ ಮೂರರಲ್ಲಿ ಒಂದು ಪಾಲಿಗೂ ಮುಟ್ಟಲಿಲ್ಲ ಅನ್ನುವುದೇ ಆ ಸುದ್ದಿ. ಯೋಜನೆಯ ಮೂಲ ಗಡುವು 2024 ಆಗಿತ್ತು, 2025ರ ಬಜೆಟ್ ಭಾಷಣದಲ್ಲಿ ಅದನ್ನು 2028ರವರೆಗೆ ಮುಂದುವರಿಸುವುದಾಗಿ ಹೇಳಿದರು. ಹಿಂದಿನ ವರ್ಷ ಹೀಗಾದ ಸಾಲಿನಲ್ಲಿ ಹೊಸದಾಗಿ 67,000 ಅಂತ ಕಂಡರೆ ಅದನ್ನು ಬಂದ ಹಣ ಅಂತ ಓದಬೇಡಿ, ಬರಬಹುದಾದ ಹಣದ ಗರಿಷ್ಠ ಮಿತಿ ಅಂತ ಓದಿ. ಮಗುವಿನ ಬಿಸಿಯೂಟದ ಪಿಎಂ ಪೋಷಣ್ ಸಾಲಿನಲ್ಲೂ ಇದೇ ಅಚ್ಚು, ಪ್ರಮಾಣ ಮಾತ್ರ ಚಿಕ್ಕದು: 12,467 ಕೋಟಿ ಹೇಳಿ, 10,000ಕ್ಕೆ ಇಳಿಸಿ, ಮುಂದಿನ ವರ್ಷಕ್ಕೆ 12,500 ಬರೆದರು.

ಮುಂದಿನ ಫೆಬ್ರವರಿವರೆಗೆ ಕಾಯದೆ ಇದು ತಿಳಿಯುತ್ತದೆಯೇ? ತಿಳಿಯುತ್ತದೆ. ಕೇಂದ್ರದ ಲೆಕ್ಕ ಮಹಾನಿಯಂತ್ರಕರು ಪ್ರತಿ ತಿಂಗಳ ಲೆಕ್ಕವನ್ನು cga.nic.in ತಾಣದಲ್ಲಿ ಹಾಕುತ್ತಾರೆ. ಯಾವ ಸಚಿವಾಲಯ ತನ್ನ ಬಜೆಟ್ಟಿನ ಶೇಕಡಾ ಎಷ್ಟನ್ನು ಖರ್ಚು ಮಾಡಿತು ಅಂತ ಅಲ್ಲಿ ಇರುತ್ತದೆ. ಹಣಕಾಸು ಸಚಿವಾಲಯದ ಸಾಮಾನ್ಯ ನಿಯಮದ ಪ್ರಕಾರ ಕೊನೆಯ ಮೂರು ತಿಂಗಳಲ್ಲಿ ಶೇ 33ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಅಂದರೆ ಡಿಸೆಂಬರ್ ಮುಗಿಯುವ ಹೊತ್ತಿಗೆ ಶೇ 67ರ ಹತ್ತಿರ ಇರಬೇಕು. ಜಲಶಕ್ತಿ ಸಚಿವಾಲಯ ಅಲ್ಲಿಂದ ಬಹಳ ಕೆಳಗಿದ್ದರೆ ಫೆಬ್ರವರಿಯಲ್ಲಿ ಮೂರನೆಯ ಅಂಕಣ ಏನಾಗುತ್ತದೆ ಅಂತ ಊಹಿಸಬಹುದು. ಇದು ಇಡೀ ಸಚಿವಾಲಯದ ಲೆಕ್ಕ, ಒಂದೇ ಯೋಜನೆಯದಲ್ಲ ಅನ್ನುವುದು ನೆನಪಿರಲಿ. ಆದರೂ ಜಲಶಕ್ತಿಯಲ್ಲಿ ಈ ಒಂದು ಯೋಜನೆಯೇ ಅರ್ಧಕ್ಕಿಂತ ಹೆಚ್ಚಿನ ಪಾಲು, ಆದ್ದರಿಂದ ಸುಳಿವು ಸಿಗುತ್ತದೆ.

ಕೇಂದ್ರದ ಹಣ ಬಂದರೂ ಅರ್ಧ ಕೆಲಸ ಬಾಕಿ. ಕರ್ನಾಟಕದಂಥ ರಾಜ್ಯಗಳಿಗೆ ಜಲಜೀವನ್ ವೆಚ್ಚ ಸಮಪಾಲು, ಕೇಂದ್ರ ಐವತ್ತು, ರಾಜ್ಯ ಐವತ್ತು. ಕಂತು ಬಿಡುಗಡೆಯಾಗಲು ಹಿಂದಿನ ಹಣದ ಬಳಕೆ ಪ್ರಮಾಣಪತ್ರ ಹೋಗಿರಬೇಕು, ರಾಜ್ಯದ ಪಾಲು ಸೇರಿರಬೇಕು. ಒಂದು ಕಡೆ ನಿಂತರೆ ಇನ್ನೊಂದು ಕಡೆಯೂ ನಿಲ್ಲುತ್ತದೆ. ಊರಲ್ಲಿ ಅದು ಕಾಣುವುದು ಹೀಗೆ: ರಸ್ತೆ ಅಗೆದು ಪೈಪು ಹೂತಿದ್ದಾರೆ, ಮನೆ ಮುಂದೆ ನಲ್ಲಿ ಕಂಬವೂ ನಿಂತಿದೆ, ಮೇಲ್ತೊಟ್ಟಿ ಅರ್ಧಕ್ಕೆ ನಿಂತಿದೆ, ಗುತ್ತಿಗೆದಾರರ ಬಿಲ್ಲು ಬಾಕಿ.

ಅದಕ್ಕೇ ಈ ಮನೆಯವರು ಬಜೆಟ್ ದಿನ ಬರೆದಿಟ್ಟುಕೊಳ್ಳಬೇಕಾದ್ದು ಒಂದು ಚೀಟಿಯಷ್ಟು. ಅಕ್ಕಿ 20 ಕೆಜಿ, ಬದಲಾವಣೆ ಇಲ್ಲ. ಕೇಂದ್ರದಿಂದ ಕೈಗೆ ಬರುವ ನಗದು ಕಿಸಾನ್ 6,000, ಪಿಂಚಣಿ 2,400, ಒಟ್ಟು ವರ್ಷಕ್ಕೆ 8,400, ಅದೂ ಹೋದ ವರ್ಷದಷ್ಟೇ. ನಲ್ಲಿಯ ಮುಂದೆ ಮಾತ್ರ ಪ್ರಶ್ನೆ ಚಿಹ್ನೆ. ರಾಜ್ಯ ಬಜೆಟ್ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸಾಲಿನಲ್ಲಿ ರಾಜ್ಯದ ಪಾಲು ನೋಡಿ ಆ ಚಿಹ್ನೆಯ ಪಕ್ಕ ಬರೆಯಿರಿ. ಆಮೇಲೆ ಗ್ರಾಮಸಭೆಯಲ್ಲಿ "ನೀರು ಯಾವಾಗ ಬರುತ್ತೆ" ಅಂತ ಕೇಳುವ ಬದಲು "ನಮ್ಮೂರ ಕಾಮಗಾರಿಯ ಅಂದಾಜು ಮೊತ್ತ ಎಷ್ಟು, ಇಲ್ಲಿವರೆಗೆ ಪಾವತಿಯಾದದ್ದು ಎಷ್ಟು, ಬಾಕಿ ಬಿಲ್ಲು ಎಷ್ಟು" ಅಂತ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.