11 ಪುಟದ ಮಿನಿಟ್ಸ್, ಕೆಲಸ ಮಾತ್ರ ಯಾರದೂ ಅಲ್ಲ

ಇವತ್ತು ಬೆಳಿಗ್ಗೆ ಮೇಲ್ ತೆಗೆದರೆ 11 ಪುಟದ ಪಿಡಿಎಫ್. ನಾನು ರಜೆಯಲ್ಲಿದ್ದಾಗ ನಡೆದ ತಿಂಗಳ ಮ್ಯಾನೇಜ್‌ಮೆಂಟ್ ಮೀಟಿಂಗ್‌ನ ಮಿನಿಟ್ಸ್ ಅದು. ಯಾವಾಗಲೂ ಬರೆಯುವವಳು ನಾನು, ಈ ಸಲ ಬರೆದವನು ಹೊಸದಾಗಿ ಸೇರಿದ ಹುಡುಗ. ಪಾಪ, ಅವನದೇನೂ ತಪ್ಪಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ನನಗೆ ಉರಿದದ್ದು ಅದರ ಕೆಳಗೆ ನಮ್ಮ ಜಿ.ಎಂ. ಹಾಕಿದ್ದ ಉತ್ತರ ನೋಡಿ: "ವೆರಿ ಡೀಟೇಲ್ಡ್, ಕೀಪ್ ಇಟ್ ಅಪ್."

ಡೀಟೇಲ್ಡ್ ಹೌದು ಸ್ವಾಮಿ. ಯಾರು ಎಷ್ಟು ಸಲ ಕೆಮ್ಮಿದರು ಅನ್ನೋದೊಂದು ಬಿಟ್ಟು ಎಲ್ಲ ಇದೆ.

ಪೀಣ್ಯದ ನಮ್ಮ ಫ್ಯಾಕ್ಟರಿಯ ಮೀಟಿಂಗ್ ಅಂದರೆ ಒಂದು ಪುರಾಣ. ಈ ಸಲದ ದೊಡ್ಡ ವಿಷಯ ತುಕ್ಕು. ಚೆನ್ನೈಗೆ ಕಳಿಸಿದ ಶಾಫ್ಟ್‌ಗಳು ತುಕ್ಕು ಹಿಡಿದು ವಾಪಸ್ ಬಂದಿವೆ. ಅದರ ಬಗ್ಗೆ ಒಂದೂವರೆ ಪುಟ ಬರೆದಿದ್ದಾನೆ. ಸಾರಾಂಶ ಹೀಗಿದೆ. ಪ್ಯಾಕಿಂಗ್ ಸರಿಯಿಲ್ಲ ಎಂದು ಕ್ವಾಲಿಟಿಯವರು ಹೇಳಿದರು. ಪಾರ್ಟ್ ಒದ್ದೆಯಾಗಿಯೇ ಬರುತ್ತದೆ ಎಂದು ಡಿಸ್ಪ್ಯಾಚ್‌ನವರು ಹೇಳಿದರು. ವಿಸಿಐ ಕವರ್ (ತುಕ್ಕು ತಡೆಯುವ ಆವಿ ಬಿಡುವ ಪ್ಲಾಸ್ಟಿಕ್ ಕವರ್) ದುಬಾರಿ ಎಂದು ಪರ್ಚೇಸ್‌ನವರು ಹೇಳಿದರು. ವಾಪಸ್ ಬಂದ ಮಾಲು ಅದಕ್ಕಿಂತ ದುಬಾರಿ ಎಂದು ಮತ್ತೆ ಕ್ವಾಲಿಟಿಯವರು ಹೇಳಿದರು. ಹಾಗಾದರೆ ಮಾಡಿ ಎಂದು ಜಿ.ಎಂ. ಹೇಳಿದರು. ಕೊನೆಯ ಸಾಲು: "ಆದಷ್ಟು ಬೇಗ ಅಗತ್ಯ ಕ್ರಮ ಕೈಗೊಳ್ಳಲಾಗುವುದು."

ಕೈಗೊಳ್ಳುವವರು ಯಾರಪ್ಪ?

ಸುಮ್ನೆ ಮೂರೂ ಕಡೆ ಫೋನ್ ಮಾಡಿ ಕೇಳಿದೆ. ಯಾವ ಕವರ್ ಬೇಕು ಅಂತ ಕ್ವಾಲಿಟಿಯವರು ಬರೆದು ಕೊಡಲಿ ಎಂದು ಪರ್ಚೇಸ್ ಕಾಯುತ್ತಿದೆ. ಜಿ.ಎಂ. ಹೇಳಿದ್ದು ಪರ್ಚೇಸ್‌ಗೆ ಅಲ್ವಾ ಅಂತ ಕ್ವಾಲಿಟಿ ಆರಾಮಾಗಿದೆ. ಡಿಸ್ಪ್ಯಾಚ್‌ನಿಂದ ಇವತ್ತೂ ಹಳೇ ಕವರ್‌ನಲ್ಲೇ ಲೋಡ್ ಹೋಗಿದೆ. ಮೂವರೂ ಆ 11 ಪುಟ ಓದಿದ್ದಾರೆ, ಮೂವರೂ ತಮ್ಮ ಮಾತು ಸರಿಯಾಗಿ ಬಂದಿದೆಯಾ ಅಂತ ಮಾತ್ರ ನೋಡಿದ್ದಾರೆ. ಮಾತನ್ನೆಲ್ಲ ಬರೆದಿಟ್ಟರೆ ಜನ ಹುಡುಕುವುದೂ ಅದನ್ನೇ.

ಆ ಮೀಟಿಂಗ್‌ನಲ್ಲಿ ನಾನಿದ್ದು, ಕೇಳಬೇಕಾದ್ದನ್ನು ಅಲ್ಲೇ ಕೇಳಿ ಬರೆದಿದ್ದರೆ ಇದೇ ಮಿನಿಟ್ಸ್ ಹೀಗಿರುತ್ತಿತ್ತು. ಹೆಸರು ಬದಲಿಸಿದ್ದೇನೆ, ನಾಳೆ ನನ್ನನ್ನು ಕ್ಯಾಂಟೀನ್‌ನಲ್ಲಿ ಹಿಡಿದುಕೊಳ್ಳಬೇಡಿ.

ನಿರ್ಣಯ: ಚೆನ್ನೈಗೆ ಹೋಗುವ ಎಲ್ಲ ಶಾಫ್ಟ್‌ಗಳನ್ನು ಆಗಸ್ಟ್ 1ರಿಂದ ವಿಸಿಐ ಕವರ್‌ನಲ್ಲಿ ಪ್ಯಾಕ್ ಮಾಡುವುದು. ಸೆಪ್ಟೆಂಬರ್ ಮೀಟಿಂಗ್‌ನಲ್ಲಿ ಫಲಿತಾಂಶ ನೋಡುವುದು.
ಕಾರಣ: ಪೆಟ್ಟಿಗೆಗೆ ಸುಮಾರು 18 ರೂಪಾಯಿ ಹೆಚ್ಚಾದರೂ ವಾಪಸ್ ಬರುವ ಮಾಲಿನ ಖರ್ಚಿಗಿಂತ ಕಡಿಮೆ.
ಕೆಲಸ 1: ಕವರ್‌ನ ಅಳತೆ, ದಪ್ಪ ಬರೆದು ಪರ್ಚೇಸ್‌ಗೆ ಕೊಡುವುದು. ಹೊಣೆ: ಶೋಭಾ. ಜುಲೈ 12.
ಕೆಲಸ 2: ಮೊದಲ ಲಾಟ್ ಕವರ್ ಸ್ಟೋರ್ಸ್‌ಗೆ ತರಿಸುವುದು. ಹೊಣೆ: ರಮೇಶ್. ಜುಲೈ 28.
ಕೆಲಸ 3: ತೊಳೆದ ಪಾರ್ಟ್ ಒಣಗಿದೆಯಾ ಎಂದು ಪ್ಯಾಕಿಂಗ್‌ಗೆ ಮುಂಚೆ ನೋಡಲು ಚೆಕ್ ಶೀಟ್ ಶುರು ಮಾಡುವುದು. ಹೊಣೆ: ಇಕ್ಬಾಲ್. ಜುಲೈ 15.

ಅಷ್ಟೇ. ಒಂದೂವರೆ ಪುಟದ ಜಗಳ ಇಷ್ಟರಲ್ಲಿ ಮುಗಿಯಿತು. ಹೊಣೆಗೆ ಒಬ್ಬರದೇ ಹೆಸರು ಇದೆ ನೋಡಿ. "ಪರ್ಚೇಸ್ ಮತ್ತು ಕ್ವಾಲಿಟಿ" ಅಂತ ಬರೆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂರುತ್ತಾರೆ. ಸಹಾಯಕ್ಕೆ ಹತ್ತು ಜನ ಇರಲಿ, ಕೇಳಿದಾಗ ಉತ್ತರ ಕೊಡುವವರು ಒಬ್ಬರೇ ಇರಬೇಕು. ಇನ್ನು ಕೆಲಸ ಮುಗಿದದ್ದು ಕಣ್ಣಿಗೆ ಕಾಣಬೇಕು. "ಫಾಲೋ ಅಪ್ ಮಾಡುವುದು" ಅಂತ ಬರೆದರೆ ಅದು ರಿಟೈರ್ ಆಗುವವರೆಗೂ ಮುಗಿಯಲ್ಲ. ಕವರ್ ಸ್ಟೋರ್ಸ್‌ಗೆ ಬಂದಿದೆಯೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಮೂರನೇ ಕೆಲಸ ನೋಡಿದಿರಾ? ಅಸಲಿ ವಿಷಯ ಅಲ್ಲಿದೆ. ಒದ್ದೆ ಪಾರ್ಟನ್ನು ಎಷ್ಟು ಒಳ್ಳೆಯ ಕವರ್‌ಗೆ ಹಾಕಿ ಮುಚ್ಚಿದರೂ ತೇವ ಒಳಗೇ ಉಳಿಯುತ್ತದೆ. ಡಿಸ್ಪ್ಯಾಚ್‌ನವರು ಅದನ್ನು ಹೇಳಿದ್ದಾರೆ, ಹುಡುಗ ಅದನ್ನು ಬರೆದೂ ಇದ್ದಾನೆ. ಆದರೆ ಅದಕ್ಕೆ ಏನು ಮಾಡೋಣ ಅಂತ ಯಾರೂ ಕೇಳಲಿಲ್ಲ. ಮೀಟಿಂಗ್ ಮುಗಿದ ಮೇಲೆ ಸೀಟಿಗೆ ಬಂದು ಕೂತು ನಾನು ಇದನ್ನು ಸೇರಿಸೋಕಾಗಲ್ಲ, ಅಲ್ಲಿ ತೀರ್ಮಾನ ಆಗದ್ದನ್ನು ಬರೆದರೆ ಅದು ಸುಳ್ಳು ದಾಖಲೆ. ಒಂದು ವಿಷಯ ಮುಗಿಸಿ ಇನ್ನೊಂದಕ್ಕೆ ಹಾರುವ ಮುಂಚೆ ಅಲ್ಲೇ ತಡೆದು ಕೇಳಬೇಕು: "ಸಾರ್, ಒಂದು ನಿಮಿಷ. ಪಾರ್ಟ್ ಒದ್ದೆ ಅಂದರಲ್ಲ, ಅದಕ್ಕೆ ಯಾರು? ಯಾವಾಗ?" ಆಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ, ಹೆಸರು ಹೇಳಿ, ಆ ವ್ಯಕ್ತಿ ಹೂಂ ಅನ್ನುವವರೆಗೆ ಸುಮ್ಮನಿರಬೇಕು. ಆ ಮೌನ ಸ್ವಲ್ಪ ಮುಜುಗರದ್ದು, ಆದರೆ ಕೆಲಸ ಆಗೋದು ಅಲ್ಲೇ. ಆ ಹೊತ್ತಿಗೆ ಅವರು ರೂಮಿನಲ್ಲಿ ಇಲ್ಲದಿದ್ದರೆ ಮಿನಿಟ್ಸ್ ಕಳಿಸುವ ಮುಂಚೆ ಫೋನ್ ಮಾಡಿ ಒಪ್ಪಿಸಬೇಕು. ಇಲ್ಲದವರ ತಲೆಗೆ ಕಟ್ಟುವುದು ನಮ್ಮ ಹಳೇ ಚಟ.

ನಿಜ ಹೇಳಲಾ? ನಾನು ಮಿನಿಟ್ಸ್ ಬರೆಯೋಕೆ ಒಪ್ಪಿಕೊಂಡದ್ದು ಮೀಟಿಂಗ್‌ನಲ್ಲಿ ಬಾಯಿ ಬಿಡೋದು ತಪ್ಪುತ್ತದೆ ಅಂತ. ಈಗ ಅಲ್ಲಿ ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳುವವಳು ನಾನೇ. ಇಷ್ಟವಾಗುತ್ತಿದೆ ಅಂತಲೂ ಹೇಳಿಬಿಡುತ್ತೇನೆ.

"ಚರ್ಚೆ ಬರೆಯದಿದ್ದರೆ ನಾಳೆ ನಾನು ಒಪ್ಪಿರಲೇ ಇಲ್ಲ ಅಂತಾರೆ ಮೇಡಂ" ಎಂದು ಒಬ್ಬರು ಹೇಳುತ್ತಾರೆ. ಅದಕ್ಕೇ ತಾನೇ ಕಾರಣದ ಸಾಲು ಇರೋದು? ಯಾರಾದರೂ ವಿರೋಧ ದಾಖಲಿಸಿ ಅಂದರೆ ಅವರ ಹೆಸರಲ್ಲಿ ಇನ್ನೊಂದು ಸಾಲು ಬರೆಯೋಣ. ಕಂಪನಿಗಳ ಬೋರ್ಡ್ ಮೀಟಿಂಗ್‌ಗೆ 2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಇದೆ, ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಇದೆ. ಅಲ್ಲೂ ಕೇಳುವುದು ನಡೆದದ್ದರ ಸರಿಯಾದ ಸಾರಾಂಶ, ನಿರ್ಣಯ, ಒಪ್ಪದ ನಿರ್ದೇಶಕರ ಹೆಸರು. ಆಡಿದ ಮಾತನ್ನೆಲ್ಲ ಅಕ್ಷರಶಃ ಬರೆಯಿರಿ ಅಂತ ಅಲ್ಲೂ ಇಲ್ಲ. ಬೋರ್ಡಿಗೇ ಬೇಡದ್ದು ನಮ್ಮ ತುಕ್ಕಿನ ಮೀಟಿಂಗ್‌ಗೆ ಯಾಕೆ ಬೇಕೋ!

ತೀರ್ಮಾನ ಆಗದ ವಿಷಯಕ್ಕೂ ಇದೇ ಲೆಕ್ಕ. "ವಿವರವಾಗಿ ಚರ್ಚಿಸಲಾಯಿತು" ಅಂತ ಬರೆದು ಮಾನ ಮುಚ್ಚಬೇಡಿ. "ನಿರ್ಣಯ ಆಗಲಿಲ್ಲ, ಇಂಥ ಮಾಹಿತಿ ಇಲ್ಲ, ಅದನ್ನು ಇಂಥವರು ಇಂಥ ದಿನ ತರುತ್ತಾರೆ" ಅಂತ ಬರೆಯಿರಿ. ಮುಂದಿನ ಮೀಟಿಂಗ್ ಹಳೇ ಕೆಲಸಗಳ ಪಟ್ಟಿಯಿಂದಲೇ ಶುರುವಾಗಲಿ. ತಡವಾದ ಕೆಲಸಕ್ಕೆ ಹೊಸ ದಿನಾಂಕ ಹಾಕುವಾಗ ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಬಿಡಿ. ಜುಲೈ 12, ಜುಲೈ 30, ಆಗಸ್ಟ್ 20 ಅಂತ ಸಾಲಾಗಿ ಕಂಡರೆ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಅಂತ ನಾವು ಬಾಯಿ ಬಿಡುವುದೇ ಬೇಡ.

ಹೀಗೆ ಬರೆದರೆ ಒಂದು ಕಾಟ ಗ್ಯಾರಂಟಿ. ಮಿನಿಟ್ಸ್ ಕಳಿಸಿದ ಅರ್ಧ ಗಂಟೆಯಲ್ಲಿ ಫೋನ್ ಬರುತ್ತದೆ. "ಮೇಡಂ, ಆ ನನ್ನ ಹೆಸರು ತೆಗೆದು ಡಿಪಾರ್ಟ್‌ಮೆಂಟ್ ಅಂತ ಹಾಕಿಬಿಡಿ." ನನ್ನ ಉತ್ತರ ಒಂದೇ: "ತೆಗೀತೀನಿ ಸಾರ್. ಬದಲಿಗೆ ಯಾರು ಮಾಡ್ತಾರೆ ಅಂತ ಅದೇ ಮೇಲ್‌ಗೆ ರಿಪ್ಲೈ ಆಲ್ ಹಾಕಿ, ಅವರೂ ಒಪ್ಪಿಗೆ ಬರೆಯಲಿ." ರಿಪ್ಲೈ ಆಲ್ ಅಂದ ತಕ್ಷಣ ಫೋನ್ ಕಟ್ ಆಗುತ್ತದೆ.