ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಸರಿಯೇ?

ಪರ

ಮನೆ ಖಾಲಿ ಮಾಡುವಾಗ ಸುಣ್ಣ-ಬಣ್ಣಕ್ಕಾಗಿ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಾಗುವುದು ಎಂಬ ಷರತ್ತು ದಾವಣಗೆರೆಯ ಬಾಡಿಗೆ ಕರಾರುಗಳಿಗೆ ಹೊಸದಲ್ಲ. ಮೊತ್ತ ಮೊದಲೇ ಗೊತ್ತಿರುವುದರಿಂದ ಬೀಗದ ಕೈ ಒಪ್ಪಿಸುವ ದಿನ ಒಂದೊಂದು ಗೋಡೆಗೂ ಚೌಕಾಸಿ ನಡೆಯುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಸಹಜ ಸವೆತಕ್ಕೆ ಬಾಡಿಗೆದಾರರನ್ನು ಹೊಣೆ ಮಾಡುವುದಿಲ್ಲ, ನಿಜ. ಆದರೆ ಉಭಯತ್ರರು ಬೇರೆ ರೀತಿ ಕರಾರು ಮಾಡಿಕೊಂಡಿಲ್ಲದಿದ್ದರೆ ಮಾತ್ರ ಆ ನಿಯಮ ಅನ್ವಯವಾಗುತ್ತದೆ. ವಿದ್ಯಾನಗರದಲ್ಲಿ ಕಾಲೇಜು ಹುಡುಗರಿಗೆ ಮನೆ ಕೊಡುವವರು ಮೇಲಿಂದ ಮೇಲೆ ಬಣ್ಣ ಹೊಡೆಸಬೇಕಾಗುತ್ತದೆ. ಐದಾರು ವರ್ಷ ಇದ್ದ ಕುಟುಂಬದಿಂದಲೂ ಅಷ್ಟೇ ಮುರಿಯುವುದು ನ್ಯಾಯವೇ ಎಂದರೆ ನನಗೂ ಪೂರ್ತಿ ಸಮಾಧಾನವಿಲ್ಲ. ಕರಾರಿನಲ್ಲಿ ಇಲ್ಲದ್ದನ್ನು ಕೊನೆಯ ದಿನ ಹೇಳುವುದನ್ನಂತೂ ನಾನು ಸಮರ್ಥಿಸುವುದಿಲ್ಲ.

ವಿರೋಧ

ಗೋಡೆಯ ಬಣ್ಣಕ್ಕೊಂದು ಆಯಸ್ಸಿದೆ, ಮನೆಯಲ್ಲಿ ಯಾರೇ ಇದ್ದರೂ ಅದು ಮುಗಿಯುತ್ತದೆ. ಬಿಸಿಲು ಬಿದ್ದ ಗೋಡೆ ಮಾಸುತ್ತದೆ, ಒಗ್ಗರಣೆಯ ಹೊಗೆಗೆ ಅಡುಗೆಮನೆ ಹಳದಿಗಟ್ಟುತ್ತದೆ, ಸ್ವಿಚ್‌ಬೋರ್ಡಿನ ಸುತ್ತ ಕೈಗುರುತು ಮೂಡುತ್ತದೆ, ಕ್ಯಾಲೆಂಡರಿನ ಮೊಳೆಯ ತೂತು ಉಳಿಯುತ್ತದೆ. ಇದು ಸಹಜ ಸವೆತ. ತಿಂಗಳು ತಿಂಗಳು ಕೊಟ್ಟ ಬಾಡಿಗೆ ಇದಕ್ಕೂ ಸೇರಿಯೇ ಇದೆ. ಒಡೆದ ಕಿಟಕಿ ಗಾಜು, ಕಿತ್ತ ಚಿಲಕ ಹಾನಿಯ ಲೆಕ್ಕಕ್ಕೆ ಬರುತ್ತವೆ. ಚಾವಣಿ ಸೋರಿ ಗಾರೆ ಉಬ್ಬಿದರೆ ಮಾಲೀಕರ ಹೊಣೆ. ನಲ್ಲಿ ಸೋರುವುದನ್ನು ತಿಳಿಸದೆ ತಿಂಗಳುಗಟ್ಟಲೆ ಗೋಡೆ ನೆನೆಯಲು ಬಿಟ್ಟರೆ ಬಾಡಿಗೆದಾರರ ಹೊಣೆ.

ನನ್ನ ತಂಗಿ ನಿಟುವಳ್ಳಿಯಲ್ಲಿ ಮೂರು ವರ್ಷ ಇದ್ದ ಮನೆ ಬಿಟ್ಟಾಗ, 60,000 ರೂಪಾಯಿ ಅಡ್ವಾನ್ಸ್‌ನಲ್ಲಿ ಬಣ್ಣಕ್ಕೆ 10,000, ವಾಶ್‌ಬೇಸಿನ್‌ಗೆ 2,000 ಮುರಿದರು. ಬೇಸಿನ್ ಸೀಳಿದ್ದು ಕೈಜಾರಿದ ಕೊಡದಿಂದ. ಆ ಹಣವನ್ನು ಅವಳು ಮಾತಿಲ್ಲದೆ ಒಪ್ಪಿದಳು. ಮಗಳು ಒಂದು ಕೋಣೆಯ ಗೋಡೆಗಳ ತುಂಬ ಕ್ರೇಯಾನ್ ಗೀಚಿದ್ದಳು, ಒರೆಸಿದರೆ ಹೋಗುತ್ತಿರಲಿಲ್ಲ, ಅದೂ ಹಾನಿಯೇ. ಆ ಕೋಣೆಗೆ ಪೇಂಟರ್ ಕೇಳಿದ್ದು 4,000. ಒಳಬಣ್ಣ ಐದು ವರ್ಷ ಬಾಳುತ್ತದೆಂದು ಹಿಡಿದು, ಅವಳು ಬಂದಾಗ ಅದು ಹೊಸದೇ ಆಗಿತ್ತೆಂದು ಒಪ್ಪಿದರೂ, ಉಳಿದಿದ್ದ ಎರಡು ವರ್ಷದ ಬೆಲೆ 1,600 ಮಾತ್ರ. ಬೇಸಿನ್ ಸೇರಿ 3,600 ಆಗಬೇಕಾದಲ್ಲಿ 12,000 ಹೋಯಿತು. ನಡುಮನೆಯ ಬಣ್ಣವಂತೂ ಅವಳು ಬರುವಾಗಲೇ ಹಳೆಯದು. ಆ ದಿನ ತೆಗೆದ ಫೋಟೋ ಅವಳ ಬಳಿ ಇತ್ತು. ತೋರಿಸಿದರೆ, "ಕರಾರಿನಲ್ಲಿ ಇದೆಯಲ್ಲಮ್ಮಾ" ಎಂಬ ಒಂದೇ ಉತ್ತರ. ಮುಂದಿನ ತಿಂಗಳು ಬಂದವರು ಅದೇ ಗೋಡೆಗಳ ನಡುವೆ ಸಂಸಾರ ಹೂಡಿದರು. ಬಣ್ಣ ಬಳಿಯಲೇ ಇಲ್ಲ.

ಕರಾರು, ಕರಾರು ಎನ್ನುವವರು ಅದನ್ನು ಬರೆಸಿದವರು ಯಾರೆಂದು ಹೇಳುವುದಿಲ್ಲ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಜಾರಿಯಾಗುವಂಥದ್ದಾದರೂ, ಬೇರೆ ಒಪ್ಪಂದವಿಲ್ಲದಿದ್ದರೆ ಗೋಡೆಗೆ ಸುಣ್ಣ ಬಳಿಸುವುದನ್ನು ಮಾಲೀಕರ ಪಾಲಿಗೂ ನಲ್ಲಿಯ ವಾಷರ್ ಬದಲಿಸುವುದನ್ನು ಬಾಡಿಗೆದಾರರ ಪಾಲಿಗೂ ಹಾಕಿದೆ. ಮುರಿಯಲೇಬೇಕಿದ್ದರೆ ಇಬ್ಬರೂ ಸೇರಿ ಕೋಣೆಕೋಣೆ ನೋಡಲಿ, ಬಣ್ಣ ಬಳಿದು ಎಷ್ಟು ವರ್ಷವಾಯಿತೆಂದು ಬರೆಯಲಿ, ಕೆಲಸ ಮಾಡಿಸಿದ ಬಿಲ್ ಕೊಟ್ಟು ಅಷ್ಟನ್ನೇ ಮುರಿಯಲಿ.