ಬೋರ್ಡ್ ಹೋಗಿದೆಯಂತೆ! ಹೋಗಿದ್ದು ಪೈಪಿನ ಗಾಳಿ

ವಾಷಿಂಗ್ ಮೆಷಿನ್‌ನ ಎಲೆಕ್ಟ್ರಾನಿಕ್ ಬೋರ್ಡ್ ಬದಲಾಯಿತು, ಸೆನ್ಸರ್ ಬದಲಾಯಿತು, ಎರಡಕ್ಕೂ ದುಡ್ಡು ಸುರಿದಾಯಿತು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತೇ? ಬಳ್ಳಿಯಷ್ಟು ತೆಳ್ಳಗಿನ ಒಂದು ಗಾಳಿಯ ಪೈಪಿನಲ್ಲಿದ್ದ ಸೂಜಿಮೊನೆಯಷ್ಟು ತೂತು. ಇದನ್ನು ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ನಮ್ಮದು ಟಾಪ್ ಲೋಡ್ ವಾಷಿಂಗ್ ಮೆಷಿನ್. ಒಂದು ದಿನ ನೀರಿನ ಮಟ್ಟವನ್ನು ಮಧ್ಯಮಕ್ಕೆ ಇಟ್ಟು ಗುಂಡಿ ಒತ್ತಿದೆ. ನೀರು ಸರಿಯಾಗಿಯೇ ತುಂಬಿತು, ಬಟ್ಟೆ ತಿರುಗತೊಡಗಿತು. ಐದು ನಿಮಿಷವಾಗಿರಬೇಕು, ತಿರುಗುವುದು ನಿಂತು ಮತ್ತೆ ನೀರು ಬೀಳುವ ಸದ್ದು. ಸ್ವಲ್ಪ ತಿರುಗುತ್ತದೆ, ಮತ್ತೆ ನೀರು ಕುಡಿಯುತ್ತದೆ. ಹೀಗೆ ಕುಡಿದು ಕುಡಿದು ಟಬ್ಬಿನ ಅಂಚಿಗೆ ಬಂದ ಮೇಲೂ ಅದಕ್ಕೆ ದಾಹ ತೀರಲಿಲ್ಲ. ನಾನೇ ನಲ್ಲಿ ನಿಲ್ಲಿಸಿದೆ.

ನಾನೇನೂ ಕೈಕಟ್ಟಿ ಕೂರಲಿಲ್ಲ. ನೀರು ಬೀಳುತ್ತಿರುವಾಗಲೇ ಪ್ಲಗ್ ತೆಗೆದೆ. ನೀರು ತಕ್ಷಣ ನಿಂತಿತು. ಅಂದರೆ ಇನ್‌ಲೆಟ್ ವಾಲ್ವ್ ಕಸ ಸಿಕ್ಕಿಕೊಂಡು ತೆರೆದೇ ಉಳಿದಿಲ್ಲ. ಹಾಗೆ ಉಳಿದಿದ್ದರೆ ಕರೆಂಟ್ ಇಲ್ಲದಿದ್ದರೂ ನೀರು ಬರುತ್ತಲೇ ಇರುತ್ತಿತ್ತು. ಆಮೇಲೆ ಟಬ್ಬಿನಲ್ಲಿ ನೀರಿದ್ದ ಮಟ್ಟಕ್ಕೆ ಒಂದು ಚೂರು ಟೇಪ್ ಅಂಟಿಸಿ ಅರ್ಧ ಗಂಟೆ ಬಿಟ್ಟೆ. ಮಟ್ಟ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹಾಗಾಗಿ ಕೆಳಗಿನಿಂದ ನೀರು ಸೋರಿ ಹೋಗುತ್ತಿದೆ ಎನ್ನುವಂತೆಯೂ ಇಲ್ಲ. ತುಂಬಿದ ನೀರು ಟಬ್ಬಿನಲ್ಲೇ ಇದೆ, ಮೆಷಿನ್ ಮಾತ್ರ ಇಲ್ಲ ಎನ್ನುತ್ತಿದೆ. ಇಷ್ಟನ್ನೂ ನಾನು ಮೆಕ್ಯಾನಿಕ್‌ಗೆ ಒಂದೂ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ತಲೆಯಾಡಿಸಿದರು.

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ನೀರು ಎಷ್ಟಿದೆ ಎಂದು ನೋಡಲು ಈ ಮೆಷಿನ್‌ಗೆ ಕಣ್ಣಿಲ್ಲ. ಹೊರಗಿನ ಟಬ್ಬಿನ ಬುಡದಲ್ಲಿ ಗಾಳಿ ಹಿಡಿದಿಡುವ ಪುಟ್ಟ ಗೂಡೊಂದಿರುತ್ತದೆ. ಅಲ್ಲಿಂದ ತೆಳುವಾದ ಪೈಪೊಂದು ಮೇಲಿನ ಫಲಕದ ಒಳಗಿರುವ ಪ್ರೆಶರ್ ಸೆನ್ಸರ್‌ವರೆಗೆ ಹೋಗುತ್ತದೆ. ನೀರು ಏರಿದಂತೆ ಗೂಡಿನಲ್ಲಿ ಸಿಕ್ಕಿಬಿದ್ದ ಗಾಳಿ ಅದುಮಿಕೊಳ್ಳುತ್ತದೆ, ಆ ಒತ್ತಡ ಸೆನ್ಸರ್‌ನ ಒಳಗಿನ ತೆಳು ಪೊರೆಯನ್ನು ತಳ್ಳುತ್ತದೆ. ಪೊರೆ ಎಷ್ಟು ಸರಿದಿದೆ ಎಂಬುದೇ ಮೆಷಿನ್‌ನ ಲೆಕ್ಕದಲ್ಲಿ ನೀರಿನ ಮಟ್ಟ. ಆ ಒತ್ತಡವಾದರೂ ಎಷ್ಟು? 30 ಸೆಂಟಿಮೀಟರ್ ನೀರು ನಿಂತರೆ ವಾತಾವರಣದ ಒತ್ತಡದ ನೂರರಲ್ಲಿ ಮೂರು ಪಾಲು, ಅಷ್ಟೇ. ಇಷ್ಟು ನಾಜೂಕಿನ ಲೆಕ್ಕದಲ್ಲಿ ಸೂಜಿಮೊನೆಯಷ್ಟು ತೂತೂ ದೊಡ್ಡ ಬಾಗಿಲೇ. ಗಾಳಿ ನಿಧಾನವಾಗಿ ಹೊರಗೆ ಹೋಗುತ್ತದೆ, ಒತ್ತಡ ಇಳಿಯುತ್ತದೆ, ನೀರು ಕಡಿಮೆಯಾಯಿತೆಂದು ಮೆಷಿನ್ ವಾಲ್ವ್ ತೆರೆಯುತ್ತದೆ. ಮೊದಲು ಸರಿಯಾಗಿ ತುಂಬಿ, ಐದು ನಿಮಿಷದ ನಂತರ ಮತ್ತೆ ತುಂಬತೊಡಗುವುದು ಇಂಥ ನಿಧಾನ ಸೋರಿಕೆಯ ಗುರುತು.

ಮೆಕ್ಯಾನಿಕ್ ಮಾಡಿದ್ದೇನು? ಟಬ್ ತುಂಬ ನೀರಿರುವಾಗಲೇ ಮೇಲಿನ ಫಲಕ ಬಿಚ್ಚಿ, ಸೆನ್ಸರ್‌ನಿಂದ ಪೈಪ್ ಕಿತ್ತು, ಅದನ್ನೊಮ್ಮೆ ನೋಡಿ, ಮತ್ತೆ ಸಿಕ್ಕಿಸಿದರು. ಮೆಷಿನ್ ಹಚ್ಚಿದರು. ಅದು ಮತ್ತೆ ನೀರು ತುಂಬತೊಡಗಿತು. "ನೋಡಿ ಮೇಡಂ, ಪೈಪ್ ಚೆನ್ನಾಗಿಯೇ ಇದೆ. ಬೋರ್ಡ್ ಹೋಗಿದೆ" ಎಂದರು.

ಅಯ್ಯಾ ಮಹಾನುಭಾವ! ನೀರಿರುವಾಗ ಪೈಪ್ ಕಿತ್ತರೆ ಒಳಗಿನ ಗಾಳಿಯೆಲ್ಲ ಹೊರಗೆ ಹೋಗುತ್ತದೆ, ಗೂಡಿನೊಳಗೂ ನೀರು ಹೊರಗಿನ ಮಟ್ಟಕ್ಕೇ ಏರುತ್ತದೆ. ಆಮೇಲೆ ಪೈಪ್ ಸಿಕ್ಕಿಸಿದರೂ ಸೆನ್ಸರ್‌ಗೆ ಸಿಗುವುದು ಸೊನ್ನೆ ಒತ್ತಡ. ತುಂಬಿದ ಟಬ್ಬೇ ಅದರ ಪಾಲಿಗೆ ಖಾಲಿ. ಹೊಚ್ಚ ಹೊಸ ಮೆಷಿನ್‌ಗೆ ಹೀಗೆ ಮಾಡಿದರೂ ಅದು ನೀರು ತುಂಬತೊಡಗುತ್ತದೆ. ನೀರು ಪೂರ್ತಿ ಹೊರಗೆ ಬಿಟ್ಟು ಗೂಡಿಗೆ ಮತ್ತೆ ಗಾಳಿ ಸೇರುವವರೆಗೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. ಅಂಥ ಪರೀಕ್ಷೆಯ ಆಧಾರದ ಮೇಲೆ ನನ್ನ ಬೋರ್ಡಿಗೆ ಮರಣಪತ್ರ ಬರೆದುಕೊಟ್ಟರು. ಆಗ ಇದೆಲ್ಲ ನನಗೆ ತಿಳಿದಿರಲಿಲ್ಲ, ಹೂಂ ಎಂದುಬಿಟ್ಟೆ.

ಹೊಸ ಬೋರ್ಡ್ ಬಂದ ಮೇಲೆ ಮೆಷಿನ್ ಎರಡು ದಿನ ನೆಟ್ಟಗೆ ನಡೆಯಿತು. ಈಗ ಯೋಚಿಸಿದರೆ ಕಾರಣ ಹೊಳೆಯುತ್ತದೆ: ಬಿಚ್ಚಿ ಕಟ್ಟುವಾಗ ಪೈಪ್ ಅಲುಗಿ ಬೇರೆ ಮಗ್ಗುಲಿಗೆ ಹೊರಳಿ ತೂತು ಮುಚ್ಚಿಕೊಂಡಿತ್ತು. ಮೂರನೆಯ ದಿನ ಅದೇ ರಾಗ. ಮತ್ತೆ ಬಂದರು, "ಹಾಗಾದರೆ ಸೆನ್ಸರ್ ಇರಬೇಕು" ಎಂದರು. ಸೆನ್ಸರ್ ಬದಲಾಯಿತು. ವಾರ ಕಳೆಯುವುದರೊಳಗೆ ಮತ್ತೆ ನೀರಿನ ಜಾತ್ರೆ.

ಕೊನೆಗೆ ನಾನೇ ಪ್ಲಗ್ ತೆಗೆದು, ಟಬ್ಬನ್ನು ಪೂರ್ತಿ ಖಾಲಿ ಮಾಡಿ, ಫಲಕ ಬಿಚ್ಚಿದೆ. ಪೈಪಿನ ಎರಡೂ ತುದಿ ಬಿಡಿಸಿಕೊಂಡು ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಂದನ್ನು ಬಾಯಿಗಿಟ್ಟು ಮೆಲ್ಲಗೆ ಊದಿದೆ. ಸೆನ್ಸರ್ ಕಡೆಯ ತುದಿಯಿಂದ ಎರಡು ಬೆರಳು ಕೆಳಗೆ ಸಾಲಾಗಿ ಗುಳ್ಳೆಗಳು ಎದ್ದವು. ಆ ಜಾಗದಲ್ಲೇ ಪೈಪ್ ತಗಡಿನ ಅಂಚಿಗೆ ತಾಗಿಕೊಂಡು ಹಾದುಹೋಗುತ್ತಿತ್ತು. ಬಟ್ಟೆ ಹಿಂಡುವಾಗ ಟಬ್ ಓಲಾಡುತ್ತದೆ, ಪೈಪ್ ಪ್ರತಿ ಬಾರಿಯೂ ಅಂಚಿಗೆ ಉಜ್ಜುತ್ತದೆ. ಇಷ್ಟು ದೊಡ್ಡ ಯಂತ್ರ ರೂಪಿಸಿದ ಪುಣ್ಯಾತ್ಮರಿಗೆ ಆ ಅಂಚಿಗೆ ಒಂದು ಚೂರು ರಬ್ಬರ್ ಹಾಕಬೇಕೆಂದು ತೋಚಲಿಲ್ಲವೇ?

ತೂತು ತುದಿಯ ಹತ್ತಿರವೇ ಇದ್ದದ್ದು ನನ್ನ ಅದೃಷ್ಟ. ಅಷ್ಟು ಭಾಗ ಕತ್ತರಿಸಿ, ಉಳಿದದ್ದನ್ನು ಬಿಗಿಯಾಗಿ ಸಿಕ್ಕಿಸಿ, ಅಂಚಿನಿಂದ ದೂರ ಸರಿಸಿ, ಟಬ್ ಓಲಾಡಿದರೂ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿದೆ. ನಡುವೆ ತೂತಾಗಿದ್ದರೆ ಅದೇ ಒಳಅಳತೆಯ ಹೊಸ ಪೈಪನ್ನೇ ಹಾಕಬೇಕಿತ್ತು. ಟೇಪ್ ಸುತ್ತಿದರೆ ಗಾಳಿ ನಿಲ್ಲುವುದನ್ನು ನಂಬುವಂತಿಲ್ಲ. ಖರ್ಚು: ಒಂದು ಕತ್ತರಿ.

ಎರಡು ತಿಂಗಳ ನಂತರ ಇನ್ನೊಂದು ವೇಷ. ನೀರೆಲ್ಲ ಹೊರಗೆ ಹೋದರೂ ಹಿಂಡದೆ ನಡುವೆಯೇ ನಿಂತು, ನೀರು ಹೋಗುತ್ತಿಲ್ಲ ಎಂದು ಕಿರುಚತೊಡಗಿತು. ಈ ಸಲ ಉಲ್ಟಾ: ಗೂಡಿನ ಬಾಯಿಗೆ ಸೋಪಿನ ಜಿಗಟು ಕಟ್ಟಿಕೊಂಡು ಅದುಮಿದ ಗಾಳಿ ಬಿಡುಗಡೆಯಾಗದೆ ಒಳಗೇ ಉಳಿದಿತ್ತು, ಹಾಗಾಗಿ ಖಾಲಿ ಟಬ್ ಅದಕ್ಕೆ ತುಂಬಿದ ಹಾಗೆ ತೋರುತ್ತಿತ್ತು. ಪೈಪನ್ನು ಸೆನ್ಸರ್‌ನಿಂದ ಬಿಡಿಸಿ ಕೆಳಮುಖವಾಗಿ ಊದಿದೆ. ಮೊದಲು ತಡೆ, ಆಮೇಲೆ ಗೊಳಕ್ಕೆಂದು ದಾರಿ ಬಿಟ್ಟಿತು. ಊದುವುದು ಪೈಪಿನೊಳಗೆ ಮಾತ್ರ. ಸೆನ್ಸರ್‌ಗೆ ಜೋರಾಗಿ ಊದಿದರೆ ಪೊರೆ ಹಾಳಾಗುತ್ತದೆ. ಅಳತೆ ಮೀರಿ ಸೋಪಿನ ಪುಡಿ ಸುರಿದದ್ದು ನಾನೇ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಫೋನಿನಲ್ಲಿ ಲಕ್ಷಣ ಹೇಳಿ ನೋಡೋಣ ಎಂದು ಅದೇ ಮೆಕ್ಯಾನಿಕ್‌ಗೆ ಕರೆ ಮಾಡಿದ್ದೆ. "ಬೋರ್ಡ್ ಇರಬಹುದು ಮೇಡಂ" ಎಂದರು. ಹೊಸ ಬೋರ್ಡ್! ಎರಡು ತಿಂಗಳ ಹಿಂದೆ ಅವರೇ ಕೈಯಾರೆ ಕೂರಿಸಿದ್ದು!

ನನ್ನ ಹಳೆಯ ಬೋರ್ಡನ್ನು ಅಂದು ಅವರು ಚೀಲಕ್ಕೆ ಹಾಕಿಕೊಂಡು ಹೋಗಿದ್ದರು. ಅದಕ್ಕೆ ಏನೂ ಆಗಿರಲಿಲ್ಲ. ಈಗ ಯಾರ ಮನೆಯ ಮೆಷಿನ್‌ನಲ್ಲಿ ಕೂತಿದೆಯೋ.